ನೀರು ಬಳಕೆಯ ಸಮೀಕ್ಷೆಗೆ ಅನುಮತಿ ಕೋರಿ

ಮೈಸೂರು
11-11-2024

ಗೆ,
ಅಧ್ಯಕ್ಷರು,
ಚಿಕ್ಕಕೆರೆಕೊಪ್ಪಲು ಗ್ರಾಮ ಪಂಚಾಯಿತಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಮಾನ್ಯರೇ,

ವಿಷಯ: ಮನೆಮನೆಯ ನೀರು ಬಳಕೆ ಕುರಿತ ಸಮೀಕ್ಷೆಗೆ ಅನುಮತಿ.

ನಾನು ಮೈಸೂರು ವಿಶ್ವವಿದ್ಯಾನಿಲಯದ ಭೂಗೋಳಶಾಸ್ತ್ರ ಸಂಶೋಧನಾ ವಿದ್ಯಾರ್ಥಿನಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರುಗಳಲ್ಲಿ ಗದ್ದೆಗೆ, ಮನೆಗೆ, ದನಕರುಗಳಿಗೆ ನೀರು ಎಲ್ಲೆಲ್ಲಿಂದ ಬರುತ್ತದೆ, ನಾಲೆ ನಿಂತಾಗ ಜನ ಏನು ಮಾಡುತ್ತಾರೆ ಎಂಬುದು ನನ್ನ ಅಧ್ಯಯನ. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ನಲ್ಲಿಯಲ್ಲಿ ಬರುವುದೆಷ್ಟು, ಸಾಲದ್ದನ್ನು ತುಂಬಿಕೊಳ್ಳುವುದು ಎಲ್ಲಿಂದ ಎಂಬುದನ್ನು ಮನೆಯವರೇ ಹೇಳಬೇಕು.

ಡಿಸೆಂಬರ್ 2ರಿಂದ 20ರವರೆಗೆ ಒಮ್ಮೆ, ಬೇಸಿಗೆಯ ಏಪ್ರಿಲ್‌ನಲ್ಲಿ ಇನ್ನೊಮ್ಮೆ, ನಿಮ್ಮ ಊರಿನ 80 ಮನೆಗಳಿಗೆ ನಾನೂ ನನ್ನ ಸಹಪಾಠಿಯೂ ಭೇಟಿ ಕೊಡುತ್ತೇವೆ. ಒಂದು ಮನೆಗೆ ಅರ್ಧ ಗಂಟೆ ಸಾಕು. ಭತ್ತದ ಕೊಯ್ಲಿನ ದಿನಗಳಾದ್ದರಿಂದ ಸಂಜೆ ಮನೆಯವರು ಗದ್ದೆಯಿಂದ ಬಂದ ಮೇಲೆಯೇ ಬರುತ್ತೇವೆ. ಲೀಟರ್ ಲೆಕ್ಕ ಯಾರನ್ನೂ ಕೇಳುವುದಿಲ್ಲ. ದಿನಕ್ಕೆ ಎಷ್ಟು ಬಿಂದಿಗೆ ಎಂದು ಕೇಳಿ, ಅವರದೇ ಬಿಂದಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಒಂದು ಸಲ ಅಳೆದುಕೊಳ್ಳುತ್ತೇವೆ.

ಕಳೆದ ತಿಂಗಳು ಓವರ್‌ಹೆಡ್ ಟ್ಯಾಂಕಿನ ಬಳಿ ನಿಂತಿದ್ದಾಗ, ಇದನ್ನೆಲ್ಲ ಬರೆದುಕೊಂಡರೆ ನಲ್ಲಿಗೆ ಮೀಟರ್ ಕೂರಿಸುತ್ತೀರಾ ಎಂದು ಒಬ್ಬ ತಾಯಿ ಕೇಳಿದರು. ಆ ಅನುಮಾನ ಸಹಜ. ಆದ್ದರಿಂದ ಒಪ್ಪಿಗೆಯ ವಿಚಾರವನ್ನು ನಿಮಗೂ ಬಿಡಿಸಿ ಹೇಳುತ್ತಿದ್ದೇನೆ. ನೀವು ಕೊಡುವ ಅನುಮತಿ ನಾವು ಊರಿಗೆ ಕಾಲಿಡಲು ಮಾತ್ರ. ಪ್ರತಿ ಮನೆಯಲ್ಲೂ ಮತ್ತೆ ಕೇಳುತ್ತೇವೆ. ಯಜಮಾನರು ಹೂಂ ಎಂದ ಮಾತ್ರಕ್ಕೆ ಮನೆಯ ಹೆಣ್ಣುಮಕ್ಕಳೂ ಒಪ್ಪಿದರೆಂದು ಭಾವಿಸುವುದಿಲ್ಲ, ನೀರು ಹಿಡಿಯುವವರು ಬಹುಪಾಲು ಅವರೇ. ಒಪ್ಪಿಗೆ ಪತ್ರವನ್ನು ಓದಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಬೇಡವೆಂದವರ ಮನೆಯಿಂದ ಎದ್ದು ಬರುತ್ತೇವೆ, ಕಾರಣ ಕೇಳುವುದಿಲ್ಲ. ನಡುವೆ ನಿಲ್ಲಿಸಬಹುದು, ಏಪ್ರಿಲ್ ಕೊನೆಯೊಳಗೆ ಹೇಳಿದರೆ ಕೊಟ್ಟ ಉತ್ತರಗಳನ್ನೂ ತೆಗೆದುಹಾಕುತ್ತೇವೆ. ಹದಿನೆಂಟು ತುಂಬದವರನ್ನು ಪ್ರಶ್ನಿಸುವುದಿಲ್ಲ, ಕೇಳದೆ ಫೋಟೊ ತೆಗೆಯುವುದಿಲ್ಲ. ಇದರಿಂದ ಯಾರಿಗೂ ಹಣವಾಗಲಿ ಹೊಸ ಸಂಪರ್ಕವಾಗಲಿ ಸಿಗುವುದಿಲ್ಲ; ಇರುವುದೂ ಹೋಗುವುದಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬಾರದು. ನಲ್ಲಿಗೆ ಮೋಟಾರ್ ಹಾಕಿ ನೀರೆಳೆಯುವವರು ಯಾರು, ಯಾರ ಕೊಳವೆಬಾವಿ ಎಷ್ಟು ಆಳ ಎಂಬ ವಿವರಗಳು ನಮ್ಮ ಕಿವಿಗೆ ಬೀಳುತ್ತವೆ. ಹೆಸರಿನ ಬದಲು ಸಂಖ್ಯೆ ಹಾಕಿ ಬರೆದುಕೊಳ್ಳುತ್ತೇವೆ. ಮನೆವಾರು ವಿವರವನ್ನು ಪಂಚಾಯಿತಿ ಕೇಳಿದರೂ ಕೊಡಲಾಗದು. ಊರಿನ ಒಟ್ಟು ಲೆಕ್ಕವನ್ನು ಮಾತ್ರ ಕನ್ನಡದಲ್ಲಿ ಬರೆದು ನಿಮಗೆ ಒಪ್ಪಿಸುತ್ತೇನೆ, ಬಯಸಿದರೆ ಗ್ರಾಮಸಭೆಯಲ್ಲೂ ಓದುತ್ತೇನೆ.

ಪ್ರಶ್ನಾವಳಿ, ಒಪ್ಪಿಗೆ ಪತ್ರದ ಮಾದರಿ ಮತ್ತು ಮಾರ್ಗದರ್ಶಕರ ಪತ್ರವನ್ನು ಲಗತ್ತಿಸಿದ್ದೇನೆ. ಸಂಪರ್ಕ ಸಂಖ್ಯೆಗಳು ಒಪ್ಪಿಗೆ ಪತ್ರದಲ್ಲಿವೆ. ಯಾವುದಾದರೂ ಪ್ರಶ್ನೆ ಊರಿಗೆ ಹೊಂದದು ಎನಿಸಿದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ. ನವೆಂಬರ್ 25ರೊಳಗೆ ಲಿಖಿತ ಅನುಮತಿ ನೀಡಬೇಕೆಂದೂ, ನೀರುಗಂಟಿಯವರಿಗೆ ನಾವು ಬರುವ ಸುದ್ದಿ ಮುಟ್ಟಿಸಬೇಕೆಂದೂ ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸುಮಾ ಎಚ್.
ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು