ಸೇವಾ ಒಪ್ಪಂದ ಮುಕ್ತಾಯದ ನೋಟಿಸು

ಹೊಂಗೆನೆರಳು ಅಪಾರ್ಟ್‌ಮೆಂಟ್ ಮಾಲೀಕರ ಸಂಘ
ಉತ್ತರಹಳ್ಳಿ ಮುಖ್ಯರಸ್ತೆ, ಬೆಂಗಳೂರು 560061

ಸಂಖ್ಯೆ: ಹೊಂ.ಮಾ.ಸಂ/ಶುಚಿ/07/2024-25
ದಿನಾಂಕ: 27 ಜನವರಿ 2025

ಇವರಿಗೆ,
ವ್ಯವಸ್ಥಾಪಕ ಪಾಲುದಾರರು,
ಕದಿರೊಳಿ ಹೌಸ್‌ಕೀಪಿಂಗ್ ಸೇವೆಗಳು,
ರಾಜಾಜಿನಗರ, ಬೆಂಗಳೂರು 560010

ಮಾನ್ಯರೇ,

ವಿಷಯ: ದಿನಾಂಕ 29 ಮಾರ್ಚ್ 2023ರ ಶುಚಿತ್ವ ನಿರ್ವಹಣಾ ಸೇವಾ ಒಪ್ಪಂದವನ್ನು ಅದರ ಕಲಂ 14.2ರ ಅನ್ವಯ ಮುಕ್ತಾಯಗೊಳಿಸುವ ಬಗ್ಗೆ.

ಉಲ್ಲೇಖ: ಸಂಘದ ಕಾರ್ಯಕಾರಿ ಸಮಿತಿಯು 18 ಜನವರಿ 2025ರ ಸಭೆಯಲ್ಲಿ ಅಂಗೀಕರಿಸಿದ ನಿರ್ಣಯ.

ನಮ್ಮ ಸಂಘ ಮತ್ತು ತಮ್ಮ ಸಂಸ್ಥೆಯ ನಡುವೆ ಏರ್ಪಟ್ಟು 1 ಏಪ್ರಿಲ್ 2023ರಿಂದ ಮೂರು ವರ್ಷಗಳ ಅವಧಿಗೆ ಜಾರಿಯಲ್ಲಿರುವ ಮೇಲ್ಕಂಡ ಒಪ್ಪಂದವನ್ನು (ಇನ್ನು ಮುಂದೆ ‘ಒಪ್ಪಂದ’) ಅವಧಿಗೆ ಮುನ್ನವೇ ಕೊನೆಗೊಳಿಸಲು ಸಂಘವು ತೀರ್ಮಾನಿಸಿದೆ ಎಂಬುದನ್ನು ಈ ನೋಟಿಸಿನ ಮೂಲಕ ತಮಗೆ ತಿಳಿಸಲಾಗುತ್ತಿದೆ. ಉಭಯ ಪಕ್ಷಗಳಲ್ಲಿ ಯಾರೇ ಆದರೂ ಕಾರಣ ನೀಡುವ ಅಗತ್ಯವಿಲ್ಲದೆ, ಅರವತ್ತು ದಿನಗಳ ಲಿಖಿತ ನೋಟಿಸು ಕೊಟ್ಟು ಒಪ್ಪಂದವನ್ನು ಮುಕ್ತಾಯಗೊಳಿಸಬಹುದು ಎಂದು ಕಲಂ 14.2 ಹೇಳುತ್ತದೆ. ಸಂಘವು ಈ ಕಲಮಿನ ಹಕ್ಕನ್ನಷ್ಟೇ ಚಲಾಯಿಸುತ್ತಿದೆ. ಷರತ್ತುಗಳ ಉಲ್ಲಂಘನೆಗೆ ಸಂಬಂಧಿಸಿದ ಕಲಂ 14.1ನ್ನು ಇಲ್ಲಿ ಬಳಸಿಲ್ಲ. ಈ ಪತ್ರದ ಯಾವ ಮಾತನ್ನೂ ತಮ್ಮ ಸಂಸ್ಥೆಯ ಮೇಲಿನ ಆರೋಪವೆಂದು ಓದಬಾರದು. ಮುಂದೆ ಬೇರೆ ಕಡೆ ಟೆಂಡರ್ ಸಲ್ಲಿಸುವಾಗ ಈ ಮುಕ್ತಾಯದ ಸ್ವರೂಪದ ಬಗ್ಗೆ ಪ್ರಶ್ನೆ ಬಂದರೆ ಈ ಪ್ಯಾರಾವನ್ನು ತಾವು ತೋರಿಸಲು ಸಂಘದ ಅಭ್ಯಂತರವಿಲ್ಲ.

ಕಾರಣ ಹೇಳಬೇಕಾದ ಕಟ್ಟುಪಾಡು ಇಲ್ಲವಾದರೂ ಹೇಳದೆ ಬಿಟ್ಟರೆ ಊಹೆಗಳಿಗೆ ಎಡೆಯಾಗುತ್ತದೆ ಎಂಬ ದೃಷ್ಟಿಯಿಂದ ಇಷ್ಟನ್ನು ದಾಖಲಿಸುತ್ತೇವೆ: ಮೂರು ಬ್ಲಾಕ್‌ಗಳ 168 ಮನೆಗಳ ಶುಚಿತ್ವದ ಕೆಲಸವನ್ನು 1 ಏಪ್ರಿಲ್ 2025ರಿಂದ ಗುತ್ತಿಗೆಗೆ ಕೊಡದೆ, ಸಂಘವೇ ನೇರವಾಗಿ ಸಿಬ್ಬಂದಿಯನ್ನು ನೇಮಿಸಿಕೊಂಡು ನಡೆಸಬೇಕೆಂದು ಸಮಿತಿಯು ನಿರ್ಣಯಿಸಿದೆ.

ನೋಟಿಸು ಅವಧಿಯ ಲೆಕ್ಕದಲ್ಲಿ ಗೊಂದಲಕ್ಕೆ ಆಸ್ಪದವಿರಬಾರದೆಂದು ಅದನ್ನು ಬಿಡಿಸಿ ಬರೆಯಲಾಗಿದೆ. ಕಲಂ 19ರ ಪ್ರಕಾರ ನೋಟಿಸನ್ನು ಖುದ್ದಾಗಿ, ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯ ಮೂಲಕ ಅಥವಾ ಒಪ್ಪಂದದಲ್ಲಿ ನಮೂದಿಸಿರುವ ಇಮೇಲ್ ವಿಳಾಸಕ್ಕೆ ತಲುಪಿಸಬಹುದು. ಒಂದಕ್ಕಿಂತ ಹೆಚ್ಚು ವಿಧಾನ ಬಳಸಿದಾಗ ಮೊದಲು ತಲುಪಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ ಮತ್ತು ಅವಧಿಯ ಎಣಿಕೆಯು ಅದರ ಮರುದಿನದಿಂದ ಆರಂಭವಾಗುತ್ತದೆ. ಈ ನೋಟಿಸನ್ನು ಇಂದೇ ತಮ್ಮ ರಾಜಾಜಿನಗರದ ಕಚೇರಿಗೆ ಖುದ್ದಾಗಿ ತಲುಪಿಸಿ ದ್ವಿಪ್ರತಿಯ ಮೇಲೆ ಸಹಿ ಮತ್ತು ಮೊಹರು ಪಡೆಯಲಾಗುತ್ತಿದ್ದು, ಇನ್ನೊಂದು ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಲಾಗಿದೆ. ಆದ್ದರಿಂದ 28 ಜನವರಿ 2025 ಮೊದಲನೆಯ ದಿನವಾಗಿ, 28 ಮಾರ್ಚ್ 2025 ಶುಕ್ರವಾರ ಅರವತ್ತನೆಯ ದಿನವಾಗುತ್ತದೆ. ಅವಧಿಯು ತಿಂಗಳ ನಡುವೆ ಮುಗಿದರೆ ಸೇವೆಯು ಆ ತಿಂಗಳ ಕೊನೆಯ ದಿನದವರೆಗೆ ಮುಂದುವರಿಯತಕ್ಕದ್ದು ಎಂದು ಕಲಂ 14.3ರಲ್ಲಿ ಇರುವುದರಿಂದ, ಒಪ್ಪಂದವು 31 ಮಾರ್ಚ್ 2025 ಸೋಮವಾರದ ರಾತ್ರಿ ಪಾಳಿ ಮುಗಿದೊಡನೆ ಕೊನೆಗೊಳ್ಳುತ್ತದೆ.

ಅಲ್ಲಿಯವರೆಗೆ ಒಪ್ಪಂದದ ಎಲ್ಲ ಷರತ್ತುಗಳೂ ಎರಡೂ ಕಡೆಗೆ ಯಥಾವತ್ತಾಗಿ ಅನ್ವಯಿಸುತ್ತವೆ. ಅನುಬಂಧ ‘ಅ’ದಲ್ಲಿರುವ ಇಪ್ಪತ್ನಾಲ್ಕು ಮಂದಿಯ ನಿಯೋಜನೆಯನ್ನು ಕಡಿತ ಮಾಡದೆ ಮುಂದುವರಿಸಬೇಕೆಂದೂ, ಹಸಿ ಕಸ, ಒಣ ಕಸ ಮತ್ತು ಸ್ಯಾನಿಟರಿ ತ್ಯಾಜ್ಯವನ್ನು ಬೇರ್ಪಡಿಸಿ ಒಪ್ಪಿಸುವ ಕ್ರಮದಲ್ಲಿ ವ್ಯತ್ಯಯ ಬಾರದಂತೆ ನೋಡಿಕೊಳ್ಳಬೇಕೆಂದೂ ಕೋರಲಾಗಿದೆ. ತ್ರೈಮಾಸಿಕ ಕೆಲಸಗಳ ಪಟ್ಟಿಯಲ್ಲಿ ಮಾರ್ಚ್ ತಿಂಗಳಿಗೆ ನಿಗದಿಯಾಗಿರುವ ನೆಲದಡಿಯ ಸಂಪ್ ಮತ್ತು ಮೇಲ್ಛಾವಣಿ ಟ್ಯಾಂಕುಗಳ ಶುಚಿ ಕಾರ್ಯವೂ ಈ ಅವಧಿಯೊಳಗೇ ಬರುತ್ತದೆ. ಬೇಸಿಗೆಯ ನೀರಿನ ಪರಿಸ್ಥಿತಿಯನ್ನು ಗಮನಿಸಿ ಅದನ್ನು ಮಾರ್ಚ್ ಮೊದಲ ವಾರದಲ್ಲೇ ಮುಗಿಸುವುದು ಇಬ್ಬರಿಗೂ ಅನುಕೂಲ. ತೋಟಕ್ಕೆ ಕುಡಿಯುವ ನೀರನ್ನು ಬಳಸದಂತೆ ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿ ₹5,000 ದಂಡ ನಿಗದಿ ಮಾಡಿದ್ದ ಕಾಲದಿಂದ ನಮ್ಮಲ್ಲಿ ತೋಟಕ್ಕೂ ಅಂಗಳಕ್ಕೂ ಸಂಸ್ಕರಿತ ನೀರನ್ನೇ ಬಳಸಲಾಗುತ್ತಿದ್ದು, ಆ ಪದ್ಧತಿಯು ಕೊನೆಯ ದಿನದವರೆಗೂ ಮುಂದುವರಿಯಬೇಕು.

ಹಸ್ತಾಂತರದ ದಿನವನ್ನು ಕುರಿತು ಒಂದು ಮಾತು. 30 ಮಾರ್ಚ್ ಭಾನುವಾರ ಯುಗಾದಿ ಇದ್ದು, 31 ಸೋಮವಾರ ರಂಜಾನ್ ರಜೆ ಇದೆ. ಕೊನೆಯ ದಿನ ಕಚೇರಿಯಲ್ಲಿ ಇರಬೇಕಾದವರು ಇಲ್ಲದೆ, ಪಟ್ಟಿ ಹಿಡಿದು ಬಂದವರು ಬಾಗಿಲಲ್ಲಿ ಕಾಯುವಂತಾಗಬಾರದು. ಆದಕಾರಣ ಜಂಟಿ ಪರಿಶೀಲನೆಯನ್ನು 29 ಮಾರ್ಚ್ ಶನಿವಾರ ಬೆಳಿಗ್ಗೆ 10 ಗಂಟೆಗೆ ಸಂಘದ ಕಚೇರಿಯಲ್ಲಿ ಇಟ್ಟುಕೊಳ್ಳಲಾಗಿದೆ. ಅಂದು ಪಂಪ್ ಕೊಠಡಿ, ಮೇಲ್ಛಾವಣಿ, ನೆಲಮಾಳಿಗೆಯ ಸ್ಟೋರ್ ಮತ್ತು ಗೊಬ್ಬರದ ಯಂತ್ರದ ಕೊಠಡಿಯ ಕೀಲಿಗೊಂಚಲುಗಳು, ಹಾಜರಿ ಪುಸ್ತಕ, ಕಸ ಒಪ್ಪಿಸಿದ ದಿನಚರಿ ಮತ್ತು ಟ್ಯಾಂಕ್ ಶುಚಿಗೊಳಿಸಿದ ದಾಖಲೆಗಳನ್ನು ತಾಳೆ ನೋಡಿ ಉಭಯರೂ ಸಹಿ ಹಾಕಬೇಕು. ಮುಂದಿನ ಎರಡು ದಿನಗಳ ಕೆಲಸಕ್ಕೆ ಬೇಕಾದ ಕೀಲಿಗಳು ಮಾತ್ರ ತಮ್ಮ ಮೇಲ್ವಿಚಾರಕರ ಬಳಿ ಉಳಿದು, 31ರ ರಾತ್ರಿ ಕಾವಲು ಕೊಠಡಿಯಲ್ಲಿ ಒಪ್ಪಿಸಿದರೆ ಸಾಕು. ಹಬ್ಬದ ದಿನಗಳ ಪಾಳಿಯನ್ನು ತಮ್ಮ ಸಿಬ್ಬಂದಿಯ ಹಬ್ಬಗಳನ್ನು ಗಮನದಲ್ಲಿಟ್ಟು ಹೊಂದಿಸಿಕೊಳ್ಳುವುದಾದರೆ, ಆ ಎರಡು ದಿನಗಳ ಮಟ್ಟಿಗೆ ಸಂಖ್ಯೆ ಹದಿನಾರಕ್ಕೆ ಇಳಿದರೂ ಸಂಘವು ಅದನ್ನು ಗೈರುಹಾಜರಿಯೆಂದು ಲೆಕ್ಕಿಸುವುದಿಲ್ಲ.

ನೆಲ ಉಜ್ಜುವ ಯಂತ್ರಗಳಲ್ಲಿ ಎರಡು ತಮ್ಮವು, ಒಂದು ಸಂಘದ್ದು. ಒತ್ತಡದ ನೀರಿನ ಯಂತ್ರವು ಸಂಘದ್ದು. ಇವು ಅನುಬಂಧ ‘ಇ’ದಲ್ಲಿ ಯಂತ್ರ ಸಂಖ್ಯೆ ಸಹಿತ ನಮೂದಾಗಿರುವುದರಿಂದ ವಿವರಣೆ ಬೇಡ. ತಮ್ಮ ಯಂತ್ರಗಳನ್ನು ಏಪ್ರಿಲ್ 5ರೊಳಗೆ ಸಾಗಿಸಿಕೊಳ್ಳಬೇಕು.

ಹಣಕಾಸಿನ ಬಾಬ್ತು ಹೀಗಿದೆ. ಡಿಸೆಂಬರ್ 2024ರವರೆಗಿನ ಬಿಲ್ಲುಗಳು ಪೂರ್ಣ ಪಾವತಿಯಾಗಿವೆ. ಜನವರಿ ಮತ್ತು ಫೆಬ್ರವರಿ ಬಿಲ್ಲುಗಳು ಎಂದಿನಂತೆ ಕಲಂ 8.4ರ ಕ್ರಮದಲ್ಲಿ, ಬಿಲ್ಲು ಸ್ವೀಕರಿಸಿದ ಹದಿನೈದು ದಿನಗಳೊಳಗೆ ಸಂದಾಯವಾಗುತ್ತವೆ. ಮಾಸಿಕ ಶುಲ್ಕ ₹4,86,000, ಅದರ ಮೇಲೆ ಶೇ. 18ರ ಜಿಎಸ್‌ಟಿ ₹87,480 ಸೇರಿ ಒಟ್ಟು ₹5,73,480. ಇದರಲ್ಲಿ ಆದಾಯ ತೆರಿಗೆ ಅಧಿನಿಯಮ, 1961ರ ಸೆಕ್ಷನ್ 194ಸಿ ಅನ್ವಯ ಶುಲ್ಕದ ಮೇಲೆ ಶೇ. 2ರಂತೆ ₹9,720 ಟಿಡಿಎಸ್ ಕಡಿತವಾಗಿ ₹5,63,760 ತಮ್ಮ ಖಾತೆಗೆ ಜಮೆಯಾಗುತ್ತದೆ. ಮಾರ್ಚ್ ತಿಂಗಳ ಬಿಲ್ಲು ಕೊನೆಯದಾಗಿರುವುದರಿಂದ ಅದಕ್ಕೆ ಕಲಂ 8.5 ಅನ್ವಯಿಸುತ್ತದೆ: ಸಿಬ್ಬಂದಿಯ ಮಾರ್ಚ್ ವೇತನ ಪಾವತಿಯ ಪುರಾವೆಯನ್ನೂ, ಆ ತಿಂಗಳ ಭವಿಷ್ಯ ನಿಧಿ ಮತ್ತು ಇಎಸ್‌ಐ ವಂತಿಗೆಯ ಚಲನ್ ಪ್ರತಿಗಳನ್ನೂ ಸಲ್ಲಿಸಿದ ಹತ್ತು ಕೆಲಸದ ದಿನಗಳೊಳಗೆ ಅದನ್ನು ಪಾವತಿಸಲಾಗುವುದು. ಈ ವಂತಿಗೆಗಳನ್ನು ಕಟ್ಟಲು ಮುಂದಿನ ತಿಂಗಳ 15ನೇ ತಾರೀಖಿನವರೆಗೆ ಕಾಲಾವಕಾಶ ಇರುವುದರಿಂದ, ಚಲನ್‌ಗಳು ಏಪ್ರಿಲ್ ಮಧ್ಯಭಾಗಕ್ಕೆ ಸಿಗುತ್ತವೆ ಎಂದು ಸಂಘವು ಎಣಿಸಿದೆ. ಜನವರಿ–ಮಾರ್ಚ್ ತ್ರೈಮಾಸಿಕದ ಟಿಡಿಎಸ್ ಪ್ರಮಾಣಪತ್ರವಾದ ನಮೂನೆ 16ಎಯನ್ನು 15 ಜೂನ್ 2025ರೊಳಗೆ ಕೊಡಲಾಗುವುದು.

ಒಪ್ಪಂದದ ಆರಂಭದಲ್ಲಿ ತಾವು ಇರಿಸಿದ್ದ ಬಡ್ಡಿರಹಿತ ಭದ್ರತಾ ಠೇವಣಿ ₹2,00,000ವನ್ನು, ಜಂಟಿ ಪರಿಶೀಲನಾ ಪಟ್ಟಿಯಲ್ಲಿ ಉಭಯರೂ ಒಪ್ಪಿದ ಬಾಕಿಗಳೇನಾದರೂ ಇದ್ದರೆ ಅವನ್ನಷ್ಟೇ ಕಳೆದು, ಕಲಂ 9.3ರಂತೆ ಮುಕ್ತಾಯದ ದಿನದಿಂದ ಮೂವತ್ತು ದಿನಗಳೊಳಗೆ, ಅಂದರೆ 30 ಏಪ್ರಿಲ್ 2025ರ ಒಳಗಾಗಿ ಹಿಂದಿರುಗಿಸಲಾಗುವುದು. ಒಪ್ಪಿಗೆಯಾಗದ ಯಾವುದೇ ಮೊತ್ತವನ್ನು ಸಂಘವು ತಾನಾಗಿಯೇ ಮುರಿದುಕೊಳ್ಳುವುದಿಲ್ಲ.

ಈಗ ಸಿಬ್ಬಂದಿಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ತಮ್ಮ ಸಂಸ್ಥೆಯ ಮೂಲಕ ಇಲ್ಲಿ ದುಡಿಯುತ್ತಿರುವವರಲ್ಲಿ ಹಲವರು ಸುತ್ತಲಿನ ಬಡಾವಣೆಗಳಿಂದ ನಡೆದೇ ಬರುವವರು. ಅವರನ್ನು ತಾವು ಬೇರೆ ಕಡೆ ನಿಯೋಜಿಸಿದರೆ ದೂರದ ಬಸ್ಸು ಪ್ರಯಾಣ ಕೆಲವರಿಗೆ ಕಷ್ಟವಾಗಬಹುದು, ಸಂಘಕ್ಕೋ ಅದೇ ಹೊತ್ತಿಗೆ ನೇರ ನೇಮಕಾತಿಗೆ ಜನ ಬೇಕಾಗುತ್ತಾರೆ. ಆದರೆ ತಮ್ಮ ಲಿಖಿತ ಒಪ್ಪಿಗೆ ಇಲ್ಲದೆ ತಮ್ಮ ಸಿಬ್ಬಂದಿಯನ್ನು ಮುಕ್ತಾಯದ ನಂತರದ ಆರು ತಿಂಗಳವರೆಗೆ ಸಂಘವು ನೇಮಿಸಿಕೊಳ್ಳುವಂತಿಲ್ಲ ಎಂದು ಕಲಂ 17 ನಿರ್ಬಂಧಿಸುತ್ತದೆ. ಸಂಘವು ಈ ನಿರ್ಬಂಧವನ್ನು ಗೌರವಿಸುತ್ತದೆ. ಸಮಿತಿಯ ಸದಸ್ಯರಾಗಲಿ ಕಚೇರಿಯವರಾಗಲಿ ತಮ್ಮ ಸಿಬ್ಬಂದಿಯೊಂದಿಗೆ ನೇಮಕಾತಿಯ ಬಗ್ಗೆ ಮಾತನಾಡಬಾರದೆಂದು ಈಗಾಗಲೇ ಸೂಚಿಸಲಾಗಿದೆ. ತಮಗೆ ಬೇರೆ ನಿವೇಶನದಲ್ಲಿ ಅಗತ್ಯವಿಲ್ಲದ, ಇಲ್ಲಿಯೇ ಉಳಿಯಲು ತಾವಾಗಿಯೇ ಇಚ್ಛಿಸುವ ಸಿಬ್ಬಂದಿ ಯಾರಾದರೂ ಇದ್ದಲ್ಲಿ, ಅವರ ಮಟ್ಟಿಗೆ ಕಲಂ 17ನ್ನು ಸಡಿಲಿಸುವ ಬಗ್ಗೆ ತಮ್ಮ ನಿಲುವನ್ನು ಫೆಬ್ರವರಿ 28ರೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ಇದು ಕೋರಿಕೆಯೇ ಹೊರತು ಷರತ್ತಲ್ಲ. ತಾವು ಒಪ್ಪದಿದ್ದರೆ ಅದರಿಂದ ಠೇವಣಿಗಾಗಲಿ ಬಿಲ್ಲುಗಳಿಗಾಗಲಿ ಯಾವ ಬಾಧಕವೂ ಇಲ್ಲ. ನಿವಾಸಿಗಳು ತಮ್ಮ ಮನೆಗೆಲಸಕ್ಕೆ ಸ್ವಂತವಾಗಿ ಯಾರನ್ನಾದರೂ ಇಟ್ಟುಕೊಂಡರೆ ಅದು ಸಂಘದ ನೇಮಕಾತಿಯಾಗುವುದಿಲ್ಲ ಎಂಬುದನ್ನೂ ಇಲ್ಲೇ ಸ್ಪಷ್ಟಪಡಿಸಲಾಗಿದೆ.

ಸಿಬ್ಬಂದಿಗೆ ಸಲ್ಲಬೇಕಾದ ವೇತನ, ರಜೆಯ ಹಣ ಮತ್ತಿತರ ಬಾಕಿಗಳ ಹೊಣೆ ಕಲಂ 11ರಂತೆ ತಮ್ಮದಾಗಿರುತ್ತದೆ. ಅವರಿಗೆ ಒಪ್ಪಂದ ಮುಕ್ತಾಯದ ಸುದ್ದಿಯನ್ನು ತಾವೇ ಮೊದಲು ತಿಳಿಸುವುದು ಸೂಕ್ತವಾದ್ದರಿಂದ, ಫೆಬ್ರವರಿ 3ರವರೆಗೆ ಈ ನೋಟಿಸನ್ನು ಬ್ಲಾಕ್‌ಗಳ ಸೂಚನಾ ಫಲಕದಲ್ಲಿ ಹಾಕುವುದಿಲ್ಲ.

ನಿವಾಸಿಗಳ ಹೆಸರು, ಮನೆ ಸಂಖ್ಯೆ ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿಯ ಗೋಪ್ಯತೆಗೆ ಸಂಬಂಧಿಸಿದ ಕಲಂ 16 ಹಾಗೂ ವಿವಾದಗಳನ್ನು ಮಧ್ಯಸ್ಥಿಕೆ ಮತ್ತು ರಾಜಿ ಅಧಿನಿಯಮ, 1996ರ ಅಡಿಯಲ್ಲಿ ಬೆಂಗಳೂರಿನಲ್ಲಿ ಇತ್ಯರ್ಥಪಡಿಸುವ ಕಲಂ 21 ಮುಕ್ತಾಯದ ನಂತರವೂ ಜಾರಿಯಲ್ಲಿರುತ್ತವೆ. ಆ ಪಟ್ಟಿಯ ಪ್ರತಿಗಳು ತಮ್ಮ ಮೇಲ್ವಿಚಾರಕರ ಮೊಬೈಲ್‌ಗಳಲ್ಲಿ ಇದ್ದರೆ ಅಳಿಸಿರುವುದಾಗಿ ಹಸ್ತಾಂತರದ ದಿನ ಒಂದು ಸಾಲಿನ ದೃಢೀಕರಣ ಕೊಟ್ಟರೆ ಸಾಕಾಗುತ್ತದೆ. ಈ ನೋಟಿಸಿನಿಂದ, 31 ಮಾರ್ಚ್ 2025ರವರೆಗೆ ಉಭಯ ಪಕ್ಷಗಳಿಗೆ ಲಭ್ಯವಾಗಿರುವ ಯಾವುದೇ ಹಕ್ಕು ಅಥವಾ ಹೊಣೆಗಾರಿಕೆಗೆ ಚ್ಯುತಿ ಬರುವುದಿಲ್ಲ.

ಲೆಕ್ಕದಲ್ಲಿ ಅಥವಾ ದಿನಾಂಕಗಳಲ್ಲಿ ತಮಗೆ ಭಿನ್ನಾಭಿಪ್ರಾಯವಿದ್ದರೆ ನೋಟಿಸು ತಲುಪಿದ ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಲಗತ್ತಿಸಿರುವ ದ್ವಿಪ್ರತಿಯ ಮೇಲೆ ಸ್ವೀಕೃತಿಯ ದಿನಾಂಕ, ಸಹಿ ಮತ್ತು ಮೊಹರು ಹಾಕಿ ಹಿಂದಿರುಗಿಸಬೇಕೆಂದೂ ವಿನಂತಿ.

ತಮ್ಮ ವಿಶ್ವಾಸಿ,

(ಸಹಿ)
ಗೌರವ ಕಾರ್ಯದರ್ಶಿ
ಹೊಂಗೆನೆರಳು ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಪರವಾಗಿ

ಲಗತ್ತುಗಳು: ಕಾರ್ಯಕಾರಿ ಸಮಿತಿಯ ನಿರ್ಣಯದ ದೃಢೀಕೃತ ಪ್ರತಿ, ಅನುಬಂಧ ‘ಇ’ದ ಯಂತ್ರೋಪಕರಣಗಳ ಪಟ್ಟಿ, ಸ್ವೀಕೃತಿಗಾಗಿ ದ್ವಿಪ್ರತಿ.

ಪ್ರತಿ: ಅಧ್ಯಕ್ಷರು ಮತ್ತು ಖಜಾಂಚಿ, ಮಾಲೀಕರ ಸಂಘ, ಎಸ್ಟೇಟ್ ಮ್ಯಾನೇಜರ್, ಹಸ್ತಾಂತರದ ಸಿದ್ಧತೆಗಾಗಿ, ಕಡತಕ್ಕೆ.