ಲೆಕ್ಕದ ಸಾಫ್ಟ್‌ವೇರ್ ಇನ್ನು ಮೂರೇ ಕಡೆಯಿಂದ ತೆರೆಯುತ್ತದೆ

ಎಲ್ಲರಿಗೂ ನಮಸ್ಕಾರ್ರಿ. ಹತ್ತು ನಿಮಿಷ ಕೂಡ್ರಿ, ಗಂಜಿನಲ್ಲಿ ಟೆಂಡರ್ ಶುರುವಾಗುವುದರೊಳಗೆ ಮುಗಿಸುತ್ತೇನೆ.

ಸೋಮವಾರದಿಂದ ನಮ್ಮ ಲೆಕ್ಕದ ಸಾಫ್ಟ್‌ವೇರ್ ರಾಯಚೂರಿನ ಈ ಆಫೀಸು, ಸಿಂಧನೂರಿನ ಗೋದಾಮು, ಆಡಿಟರ್ ಆಫೀಸು, ಈ ಮೂರು ವಿಳಾಸಗಳಿಂದ ಮಾತ್ರ ತೆರೆಯುತ್ತದೆ. ವಿಳಾಸ ಅಂದರೆ ಇಲ್ಲಿ ಇಂಟರ್ನೆಟ್ ಲೈನಿನ ನಂಬರು, ಅಂದರೆ ಐಪಿ. ನಿಮ್ಮ ಕಂಪ್ಯೂಟರಿನಲ್ಲಿ 192.168 ಅಂತ ಕಾಣುವುದು ಆಫೀಸಿನ ಒಳಗಿನ ನಂಬರು, ಅಂಥದ್ದು ಊರಿನ ಎಷ್ಟೋ ಮನೆಗಳಲ್ಲಿ ಇರುತ್ತದೆ. ಸಾಫ್ಟ್‌ವೇರ್ ನೋಡುವುದು ರೌಟರ್‌ನ ಹೊರಗೆ ಕಾಣುವ ನಂಬರನ್ನು.

ಯಾಕೆ ಬೇಕಾಯಿತು? ಇಲ್ಲಿವರೆಗೆ ಪಾಸ್‌ವರ್ಡ್ ಗೊತ್ತಿದ್ದವರು ಯಾವ ಊರಿನಿಂದಲಾದರೂ ಒಳಗೆ ಬರಬಹುದಿತ್ತು. ‘ಬಿಲ್ ಬಾಕಿ ಇದೆ, ಲಾಗಿನ್ ಆಗಿ ನೋಡಿ’ ಅಂತ ಮೇಲ್ ಬರುತ್ತದೆ. ಲಿಂಕ್ ಒತ್ತಿದರೆ ನಮ್ಮ ಪುಟದಂಥದ್ದೇ ಖೊಟ್ಟಿ ಪುಟ. ಅಲ್ಲಿ ಪಾಸ್‌ವರ್ಡ್ ಹಾಕಿದರೆ ಮುಗಿಯಿತು. ಒಳಗೆ ಬಂದ ಕಳ್ಳನಿಗೆ ಹೆಚ್ಚೇನೂ ಮಾಡಬೇಕಿಲ್ಲ. ಒಬ್ಬ ರೈತನ ಖಾತೆ ತೆಗೆದು ಬ್ಯಾಂಕ್ ಅಕೌಂಟ್ ನಂಬರು, ಐಎಫ್‌ಎಸ್‌ಸಿ ಬದಲಿಸಿದರೆ ಸಾಕು. ಹೆಸರು ಹಾಗೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂಜೆ ಆರ್‌ಟಿಜಿಎಸ್ ಮಾಡಿದಾಗ ರೊಕ್ಕ ಜಮಾ ಆಗುವುದು ಅಕೌಂಟ್ ನಂಬರಿನ ಮೇಲೆ, ಹೆಸರಿನ ಮೇಲಲ್ಲ. ವರ್ಷವಿಡೀ ಹೊಲದಲ್ಲಿ ದುಡಿದವರ ಹತ್ತಿಯ ರೊಕ್ಕ ಅದು. ಇನ್ನು ಪಾಸ್‌ವರ್ಡ್ ಕದ್ದರೂ, ಪಟ್ಟಿಯಲ್ಲಿಲ್ಲದ ಲೈನಿನಿಂದ ಲಾಗಿನ್ ಆಗುವುದಿಲ್ಲ.

ಸಾಮಾನ್ಯ ಲೈನಿನಲ್ಲಿ ಕರೆಂಟ್ ಹೋಗಿ ರೌಟರ್ ಮತ್ತೆ ಹೊತ್ತಿಕೊಂಡಾಗ ನಂಬರು ಬದಲಾಗಬಹುದು. ಅದಕ್ಕೇ ಈ ಆಫೀಸು, ಗೋದಾಮು ಎರಡೂ ಕಡೆ ಬದಲಾಗದ ನಂಬರು, ಅಂದರೆ ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿದ್ದೇವೆ. ಮೊಬೈಲ್ ಡೇಟಾದ ನಂಬರು ಬದಲಾಗುತ್ತಿರುತ್ತದೆ, ಒಂದೇ ನಂಬರನ್ನು ಬಹಳ ಗಿರಾಕಿಗಳು ಹಂಚಿಕೊಂಡಿರುತ್ತಾರೆ. ಅದನ್ನು ಪಟ್ಟಿಗೆ ಸೇರಿಸಿದರೆ ಅವರಿಗೆಲ್ಲ ದಾರಿ ಬಿಟ್ಟಂತೆ.

`Access denied` ಬಂದರೆ ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆಯಬೇಡ್ರಿ. ಕಂಪ್ಯೂಟರ್ ಯಾವ ವೈಫೈ ಹಿಡಿದಿದೆ ಅಂತ ಮೊದಲು ನೋಡ್ರಿ. ಹೆಚ್ಚಿನ ಸಲ ಅದು ಯಾರದೋ ಮೊಬೈಲ್ ಹಾಟ್‌ಸ್ಪಾಟ್ ಆಗಿರುತ್ತದೆ. ಸರಿಯಿದ್ದರೆ ಬ್ರೌಸರಿನಲ್ಲಿ `what is my ip` ಅಂತ ಹುಡುಕಿ, ಬಂದ ನಂಬರಿನ ಫೋಟೋ ನನಗೆ ಕಳಿಸ್ರಿ. ಚುಕ್ಕಿಗಳ ಬದಲು ಎರಡು ಚುಕ್ಕಿ (:) ಇರುವ ಉದ್ದ ನಂಬರು ಬಂದರೆ ಅದು ಐಪಿವಿ6. ನಮ್ಮ ಪಟ್ಟಿಯಲ್ಲಿರುವುದು ಐಪಿವಿ4 ಮಾತ್ರ, ರೌಟರಿನಲ್ಲಿ ನಾನೇ ಸರಿಮಾಡುತ್ತೇನೆ.

ಮನೆಯಿಂದ ಕೆಲಸ ಬಿದ್ದರೆ ಮೊದಲು ವಿಪಿಎನ್ ಹಚ್ಚಿ, ಆಮೇಲೆ ಲಾಗಿನ್ ಆಗ್ರಿ. ಆಗ ನೀವು ಈ ಆಫೀಸಿನ ಲೈನಿನಿಂದಲೇ ಹೋದಂತೆ. ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿಆರ್-3ಬಿಗೆ 20 ಕೊನೇ ತಾರೀಖು, ಅದಕ್ಕೆ ಮನೆಯಲ್ಲಿ ಕೆಲಸ ಮಾಡುವವರು ಈ ವಾರವೇ ಒಮ್ಮೆ ಹಚ್ಚಿ ನೋಡಿಬಿಡ್ರಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಫೀಸಿನ ಕಂಪ್ಯೂಟರಿಗೇ ವೈರಸ್ ಬಂದರೆ, ಇಲ್ಲವೇ ಫೋನ್ ಮಾಡಿದವರ ಮಾತು ಕೇಳಿ ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿ ಅದರ ನಂಬರು ಕೊಟ್ಟರೆ, ಕಳ್ಳ ನಮ್ಮ ವಿಳಾಸದಿಂದಲೇ ಬರುತ್ತಾನೆ. ಬಂದ ಪಾರ್ಟಿಗಳಿಗೆ ವೈಫೈ ಕೊಟ್ಟರೆ ಅವರ ಫೋನಿಗೂ ಹೊರಗೆ ಇದೇ ನಂಬರು. ಆದ್ದರಿಂದ ಒಟಿಪಿ ಹಾಗೇ ಇರುತ್ತದೆ, ವೈಫೈ ಪಾಸ್‌ವರ್ಡ್ ಯಾರಿಗೂ ಇಲ್ಲ. ಅಕೌಂಟ್ ನಂಬರು ಬದಲಾಗಿದ್ದು ಕಂಡರೆ, ರೊಕ್ಕ ಹಾಕುವ ಮುಂಚೆ ನಮ್ಮ ಹಳೇ ರಿಜಿಸ್ಟರಿನಲ್ಲಿರುವ ಫೋನಿಗೆ ಮಾಡಿ ಆ ರೈತರನ್ನೇ ಕೇಳ್ರಿ.