ಕಾದ ಲೋಹ, ತಣ್ಣನೆಯ ನೀರು: ಉಷ್ಣಮಾಪನದ ನಾಲ್ಕು ಲೆಕ್ಕ
(ಪ್ರಥಮ ಪಿಯು ವಿದ್ಯಾರ್ಥಿಗಳಿಗೆ, ಧಾರವಾಡ)

ಈ ಪಾಠದಲ್ಲಿ ಸೂತ್ರ ಎರಡೇ. ತಾಪ ಬದಲಾದರೆ Q = mcΔT. ತಾಪ ಬದಲಾಗದೆ ಕರಗಿದರೆ ಅಥವಾ ಆವಿಯಾದರೆ Q = mL. ಆದರೂ ಮಾರ್ಕ್ಸ್ ಹೋಗುವುದು ಇಲ್ಲೇ ಜಾಸ್ತಿ. ಯಾಕಂದ್ರೆ ಉಷ್ಣ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ನಡುವೆ ಸೋರಿದ್ದು ಎಲ್ಲಿ ಅಂತ ಬರೆಯದೇ ಸೀದಾ ಸಮೀಕರಣಕ್ಕೆ ಕೈ ಹಾಕುತ್ತೀರಿ. ಮೊದಲು ಈ ಮೂರನ್ನು ಬರೆಯಿರಿ.

ಬೇಕಾದ ಬೆಲೆಗಳು, J/kg°C ನಲ್ಲಿ: ನೀರು 4200, ತಾಮ್ರ 390, ಹಿತ್ತಾಳೆ 380, ಸೀಸ 130. ಮಂಜುಗಡ್ಡೆ ಕರಗುವ ಗುಪ್ತೋಷ್ಣ 3.34 × 10⁵ J/kg, ನೀರು ಆವಿಯಾಗುವ ಗುಪ್ತೋಷ್ಣ 22.6 × 10⁵ J/kg.

ಲೆಕ್ಕ 1. ಕುದಿಯುವ ನೀರಿನಲ್ಲಿದ್ದ 200 g ಹಿತ್ತಾಳೆ ತುಂಡನ್ನು 26°C ನ 150 g ನೀರಿಗೆ ಹಾಕಿದೆವು. ನೀರಿರುವ ತಾಮ್ರದ ಕ್ಯಾಲೊರಿಮೀಟರ್ 100 g. ಕೊನೆಯ ತಾಪ ಎಷ್ಟು?

ಕುದಿಯುವ ನೀರು ಅಂದ ಕೂಡಲೇ 100°C ಬರೆಯಬೇಡಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98°C ಹತ್ತಿರವೇ ಕುದಿಯುತ್ತದೆ. ಥರ್ಮಾಮೀಟರ್ ತೋರಿಸಿದ್ದನ್ನೇ ಬರೆಯಿರಿ.

ಕೊಟ್ಟಿದ್ದು ಹಿತ್ತಾಳೆ: 0.2 × 380 = 76 J/°C.
ತೆಗೆದುಕೊಂಡಿದ್ದು ನೀರು ಮತ್ತು ಕ್ಯಾಲೊರಿಮೀಟರ್: 0.15 × 4200 + 0.1 × 390 = 630 + 39 = 669 J/°C.
76(98 − T) = 669(T − 26)
T = 24842/745 = 33.3°C

ಪಾತ್ರೆಯನ್ನು ಮರೆತರೆ 33.8 ಬರುತ್ತದೆ. ವ್ಯತ್ಯಾಸ ಅರ್ಧ ಡಿಗ್ರಿಯಷ್ಟೇ. ಆದರೆ ನೀರು ಏರಿದ್ದೇ ಏಳು ಡಿಗ್ರಿ, ಅಲ್ವಾ?

ಲೆಕ್ಕ 2. ಅದೇ ಕ್ಯಾಲೊರಿಮೀಟರ್, ಈ ಸಲ 120 g ನೀರು. ಕೋಣೆಯೂ ನೀರೂ 26°C. 98°C ನ 250 g ಲೋಹ ಹಾಕಿದ 2 ನಿಮಿಷಕ್ಕೆ ತಾಪ 36.4°C ಮುಟ್ಟಿತು. ಆಮೇಲೆ ನಿಮಿಷಕ್ಕೆ 0.3°C ನಂತೆ ಇಳಿಯತೊಡಗಿತು. ಲೋಹದ ವಿಶಿಷ್ಟ ಉಷ್ಣ ಎಷ್ಟು?

ಮೊದಲು ಸೋರಿಕೆ ಬಿಟ್ಟು ನೋಡೋಣ. ನೀರು ಮತ್ತು ಪಾತ್ರೆ ಸೇರಿ 504 + 39 = 543 J/°C.
c = 543 × 10.4 / (0.25 × 61.6) = 367 J/kg°C

ಇದು ನಿಜವಾದ ಬೆಲೆಗಿಂತ ಕಡಿಮೆ. ಲೋಹ ಕೊಟ್ಟ ಉಷ್ಣದಲ್ಲಿ ಸ್ವಲ್ಪ ಆ ಎರಡು ನಿಮಿಷದಲ್ಲೇ ಗಾಳಿಗೆ ಹೋಗಿದೆ. ನೀರಿನ ಪಾಲಿಗೆ ಬಂದಷ್ಟನ್ನು ಮಾತ್ರ ನಾವು ಎಣಿಸಿದ್ದೇವೆ. ಎಷ್ಟು ಸೋರಿತು? ತುದಿ ಮುಟ್ಟಿದಾಗ ಇಳಿಕೆಯ ವೇಗ ನಿಮಿಷಕ್ಕೆ 0.3. ಶುರುವಿನಲ್ಲಿ ನೀರು ಕೋಣೆಯಷ್ಟೇ ಇತ್ತು, ಆಗ ಸೋರಿಕೆ ಸೊನ್ನೆ. ಸರಾಸರಿ ಸುಮಾರು 0.15 ಅಂತ ಹಿಡಿದರೆ ಎರಡು ನಿಮಿಷಕ್ಕೆ 0.3°C. ಸೋರದಿದ್ದರೆ ತಾಪ 36.7 ಮುಟ್ಟುತ್ತಿತ್ತು.
c = 543 × 10.7 / (0.25 × 61.3) = 379 J/kg°C

ಹಿತ್ತಾಳೆ! ಬರೀ 0.3 ಡಿಗ್ರಿ ತಿದ್ದಿದ್ದಕ್ಕೆ ಉತ್ತರ 12 ಮೇಲೆ ಬಂತು. ಲ್ಯಾಬ್‌ನಲ್ಲಿ ಈ ಭಾಗವೇ ನನಗೆ ಅತಿ ಇಷ್ಟ. ಸುಮ್ನೆ "ಉಷ್ಣನಷ್ಟ ಇದೆ" ಅಂತ ಕೊನೆಗೊಂದು ಸಾಲು ಬರೆದು ಬಿಡಬೇಡಿ, ನಷ್ಟವನ್ನೂ ಅಳೆಯಿರಿ.

ತಪ್ಪು ಇನ್ನೊಂದು ಕಡೆಯಿಂದಲೂ ಬರುತ್ತದೆ. ದಾರ ಹಿಡಿದು ತುಂಡನ್ನು ಎತ್ತುವಾಗ ಅದರ ಮೈಗೆ ಬಿಸಿನೀರಿನ ಹನಿ ಅಂಟಿರುತ್ತದೆ. ಒಂದೇ ಒಂದು ಗ್ರಾಂ ಅಂಟಿದ್ದರೂ ಅದು 98 ರಿಂದ 36.4 ಕ್ಕೆ ಇಳಿಯುತ್ತಾ 4.2 × 61.6 = 259 J ತಂದು ಸುರಿಯುತ್ತದೆ. c ಸುಮಾರು 17 ಜಾಸ್ತಿ ಬರುತ್ತದೆ. ಹಾಗಂತ ಒರೆಸುತ್ತಾ ನಿಂತರೆ ತುಂಡೇ ತಣ್ಣಗಾಗಿ c ಕಡಿಮೆ ಬರುತ್ತದೆ. ಒಂದು ಸಲ ಜೋರಾಗಿ ಕೊಡವಿ, ತಕ್ಷಣ ಹಾಕಿ, ಮುಚ್ಚಿ.

ಗಾಳಿಗೆ ಸೋರುವುದಕ್ಕೆ ರಮ್‌ಫರ್ಡ್ ಹೆಸರಿನ ಹಳೆಯ ಉಪಾಯ ಒಂದಿದೆ. ನೀರು ಕೊನೆಗೆ ಕೋಣೆಗಿಂತ ಎಷ್ಟು ಬೆಚ್ಚಗಾಗುತ್ತದೋ ಶುರುವಿನಲ್ಲಿ ಸುಮಾರು ಅಷ್ಟೇ ತಣ್ಣಗಿರಲಿ. ಮೊದಲರ್ಧದಲ್ಲಿ ಗಾಳಿಯಿಂದ ಬಂದದ್ದು, ಕೊನೆಯರ್ಧದಲ್ಲಿ ಗಾಳಿಗೆ ಹೋದದ್ದು, ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಬೇಸಿಗೆಯಲ್ಲಿ ಹರವಿಯ ನೀರು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಲೆಕ್ಕ 3. ಹಾವೇರಿ ಕಡೆಯ ಒಂದು ಕುಲುಮೆ. ಕಮ್ಮಾರ 1.2 kg ತೂಕದ ನೇಗಿಲ ಕುಳವನ್ನು 700°C ವರೆಗೆ ಕಾಯಿಸಿ, ದೋಣಿಯಲ್ಲಿದ್ದ 28°C ನ 5 kg ನೀರಿಗೆ ಅದ್ದಿದ. ಚುಂಯ್ ಅಂತ ಆವಿ ಎದ್ದಿತು. ನೀರೂ ಕುಳವೂ ಕೊನೆಗೆ 48°C ಗೆ ನಿಂತವು. ಆವಿಯಾದ ನೀರೆಷ್ಟು? (ಕೋಣೆಯ ತಾಪದಲ್ಲಿ ಕಬ್ಬಿಣದ c ಸುಮಾರು 450. ಕಾದಂತೆ ಅದು ಏರುತ್ತದೆ. ಈ ಇಡೀ ಹಾದಿಗೆ ಸರಾಸರಿ 600 ಹಿಡಿಯಿರಿ. ಆವಿ 100°C ನಲ್ಲಿ ಹೊರಟಿತು ಅನ್ನಿ.)

ಆವಿಯೇ ಏಳದಿದ್ದರೆ ತಾಪ 50.3°C ಆಗಬೇಕಿತ್ತು, ಮಾಡಿ ನೋಡಿ. ಆ ಎರಡು ಡಿಗ್ರಿ ಚಿಲ್ಲರೆ ಎಲ್ಲಿ ಹೋಯಿತು ಅನ್ನುವುದೇ ಪ್ರಶ್ನೆ.

ಕುಳ ಕೊಟ್ಟಿದ್ದು: 1.2 × 600 × 652 = 469440 J.
ಆವಿಯಾದದ್ದು m kg ಇರಲಿ. ಉಳಿದ (5 − m) kg ನೀರು 20 ಡಿಗ್ರಿ ಏರಿದೆ. ಆವಿಯಾದ ನೀರು ಮೊದಲು 28 ರಿಂದ 100 ಕ್ಕೆ ಏರಿ, ಆಮೇಲೆ ಗುಪ್ತೋಷ್ಣ ತೆಗೆದುಕೊಂಡಿದೆ.
469440 = (5 − m) × 4200 × 20 + m(4200 × 72 + 2260000)
49440 = 2478400 m
m ≈ 0.020 kg

ಬರೀ 20 ಗ್ರಾಂ. ಐದು ಕೆಜಿಯಲ್ಲಿ ಕಣ್ಣಿಗೂ ಕಾಣದಷ್ಟು. ಆದರೆ ಅದು ಕುಳದ ಉಷ್ಣದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಹೊತ್ತೊಯ್ದಿದೆ. ಇನ್ನೊಂದು ಮಾತು: ದೋಣಿಯ ಕಲ್ಲು ಮತ್ತು ಇಕ್ಕಳವೂ ಬಿಸಿಯಾಗಿವೆ. ಅವನ್ನು ನಾವು ಎಣಿಸಿಲ್ಲ. ಹಾಗಾಗಿ ನಿಜಕ್ಕೂ ಆವಿಯಾದದ್ದು 20 ಗ್ರಾಂಗಿಂತ ಕಡಿಮೆಯೇ.

ಲೆಕ್ಕ 4. 0°C ನ 50 g ಮಂಜುಗಡ್ಡೆಯ ಮೇಲೆ 98°C ನ 100 g ತಾಮ್ರ ಇಟ್ಟೆವು. ಕೊನೆಯ ತಾಪ?

ಎಲ್ಲ ಕರಗಿತು ಅಂದುಕೊಂಡು ಸಮೀಕರಣ ಬರೆದರೆ −52°C ಬರುತ್ತದೆ. ಬಿಸಿ ತಾಮ್ರ ಇಟ್ಟು ಮಂಜುಗಡ್ಡೆ ಇನ್ನಷ್ಟು ಹೆಪ್ಪುಗಟ್ಟೀತೇ? ಇಂಥ ಉತ್ತರ ಬಂದರೆ ಅಲ್ಲೇ ನಿಲ್ಲಿ. ತಾಮ್ರ 0°C ಗೆ ಇಳಿದರೆ ಕೊಡಬಲ್ಲದ್ದು 0.1 × 390 × 98 = 3822 J. ಎಲ್ಲ ಕರಗಲು ಬೇಕಾದ್ದು 16700 J. ಸಾಲದು. ಕರಗುವುದು 3822/334000 kg, ಅಂದರೆ 11.4 g. ತಾಪ 0°C.

ನೀವೇ ಮಾಡಿ

ಅ) 98°C ನ 300 g ಸೀಸವನ್ನು 26°C ನ 200 g ನೀರಿಗೆ ಹಾಕಿದೆ. ಪಾತ್ರೆ ಬಿಡಿ. ಕೊನೆಯ ತಾಪ? 300 g ಸೀಸವೂ 100 g ತಾಮ್ರವೂ ಇಲ್ಲಿ ಒಂದೇ ಉತ್ತರ ಕೊಡುತ್ತವೆ, ಯಾಕೆ?

ಆ) 300°C ನ 500 g ಕಬ್ಬಿಣವನ್ನು (c = 500 ಹಿಡಿಯಿರಿ) 0°C ನ 40 g ಮಂಜುಗಡ್ಡೆಯ ಜೊತೆ ಮುಚ್ಚಳ ಸಡಿಲವಿರುವ ಡಬ್ಬಿಯಲ್ಲಿ ಇಟ್ಟಿದೆ. ಎಲ್ಲ ಕರಗಿ ಬರೀ ನೀರಾಗಿ ಉಳಿಯಿತು ಅಂದುಕೊಂಡರೆ 147°C ಬರುತ್ತದೆ. ಅದು ಯಾಕೆ ಸರಿಯಲ್ಲ? ಸರಿ ಉತ್ತರ ಏನು? ನೀರು 100°C ನಲ್ಲಿ ಕುದಿಯುತ್ತದೆ ಅನ್ನಿ.

ಉತ್ತರ: ಅ) 29.2°C. ಎರಡಕ್ಕೂ mc = 39 J/°C. ಆ) 100°C. ಕಬ್ಬಿಣ 100 ಕ್ಕೆ ಇಳಿಯುವಾಗ ಕೊಡುವುದು 50000 J, ಕರಗಿಸಿ 100 ಕ್ಕೆ ಏರಿಸಲು 30160 J, ಉಳಿದ 19840 J ಗೆ 8.8 g ನೀರು ಆವಿಯಾಗುತ್ತದೆ.